ಲೆಕ್ಕಕ್ಕುಂಟು, ಆಟಕ್ಕಿಲ್ಲ

ಬಡಾವಣೆಯ ಸೂಪರ್ ಮಾರ್ಕೆಟ್ ಒಂದನ್ನು ಊಹಿಸಿಕೊಳ್ಳಿ. ಗಂಧದ ಊದುಬತ್ತಿ ಹುಡುಕುತ್ತಿದ್ದ ಗ್ರಾಹಕಿ ಕೌಂಟರಿಗೆ ಬಂದು, "ಗಂಧದ್ದು ಇಲ್ವಾ?" ಎನ್ನುತ್ತಾರೆ. ಬಿಲ್ ಹಾಕುವ ಹುಡುಗ ಪರದೆ ನೋಡಿ, "ಎಂಟು ಪ್ಯಾಕ್ ಇದೆ ಮೇಡಂ, ಅಲ್ಲೇ ನೋಡಿ" ಎನ್ನುತ್ತಾನೆ. ರ್‍ಯಾಕಿನಲ್ಲೂ ಇಲ್ಲ, ಗೋಡೌನಿನಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಬದುಕಿರುವ ಇಂಥ ಸರಕಿಗೆ ವ್ಯಾಪಾರದವರು 'ಫ್ಯಾಂಟಮ್ ಇನ್ವೆಂಟರಿ' ಎನ್ನುತ್ತಾರೆ. ಭೂತದ ಸ್ಟಾಕ್ ಎನ್ನಬಹುದು.

ಆ ಎಂಟು ಪ್ಯಾಕ್ ಹೋದದ್ದೆಲ್ಲಿ? ಕಳ್ಳತನ ಆಗಿರಬಹುದು. ಒಡೆದದ್ದನ್ನು ಎಸೆದು ಬರೆಯದೆ ಬಿಟ್ಟಿರಬಹುದು. ಡಬ್ಬ ಬಿಚ್ಚಿ ಎಣಿಸದೆ ಸರಕು ಇಳಿಸಿಕೊಂಡಿರಬಹುದು. ಆದರೆ ಯಾರೂ ಕದಿಯದೆಯೂ ಭೂತ ಹುಟ್ಟುವ ಜಾಗ ಬಿಲ್ಲಿಂಗ್ ಕೌಂಟರ್. ಗ್ರಾಹಕರು ಮೂರು ಮಲ್ಲಿಗೆ, ಮೂರು ಗಂಧದ ಊದುಬತ್ತಿ ತರುತ್ತಾರೆ. ಎರಡಕ್ಕೂ ಒಂದೇ ಬೆಲೆ, ಹಿಂದೆ ಸಾಲು ಉದ್ದ ಇದೆ. ಹುಡುಗ ಒಂದು ಮಲ್ಲಿಗೆಯನ್ನು ಸ್ಕ್ಯಾನ್ ಮಾಡಿ 'ಆರು' ಎಂದು ಒತ್ತುತ್ತಾನೆ. ಹಣ ಸರಿಯಾಗಿಯೇ ಬಂತು. ಆದರೆ ಮಲ್ಲಿಗೆಯ ಲೆಕ್ಕದಲ್ಲಿ ಮೂರು ಹೆಚ್ಚಿಗೆ ಕಳೆಯಿತು, ಗಂಧದ ಲೆಕ್ಕ ಅಲುಗಲೇ ಇಲ್ಲ. ಹೀಗೇ ಕೆಲವು ದಿನ ನಡೆದರೆ ಎಂಟು ಪ್ಯಾಕ್ ಮಾಯ. ಒಟ್ಟು ಸ್ಟಾಕಿನ ಬೆಲೆ ಮಾತ್ರ ತಾಳೆಯಾಗುವುದರಿಂದ ವರ್ಷಾಂತ್ಯದ ಮೊತ್ತ ನೋಡುವವರಿಗೆ ತಪ್ಪಿನ ಸುಳಿವೂ ಸಿಗುವುದಿಲ್ಲ.

ನಿಜವಾದ ನಷ್ಟ ಶುರುವಾಗುವುದು ಇಲ್ಲಿಂದ. ಸ್ಟಾಕ್ ಐದಕ್ಕೆ ಇಳಿದಾಗ ಆರ್ಡರ್ ಹಾಕು ಎಂದು ಕಂಪ್ಯೂಟರಿಗೆ ಹೇಳಿಟ್ಟಿದ್ದಾರೆ ಎನ್ನೋಣ. ಎಂಟು ಐದಾಗಬೇಕಾದರೆ ಮೂರು ಮಾರಾಟವಾಗಬೇಕು. ಮಾರಲು ಸರಕೇ ಇಲ್ಲ. ಹಾಗಾಗಿ ಎಂಟು ಎಂಟಾಗಿಯೇ ಉಳಿಯುತ್ತದೆ, ಆರ್ಡರ್ ಹೋಗುವುದಿಲ್ಲ, ರ್‍ಯಾಕ್ ತಿಂಗಳುಗಟ್ಟಲೆ ಖಾಲಿ. ಇದು ಅಪರೂಪದ ಸಂಗತಿಯೂ ಅಲ್ಲ. ಅಮೆರಿಕದ ಒಂದು ದೊಡ್ಡ ಚಿಲ್ಲರೆ ಸಂಸ್ಥೆಯ 37 ಮಳಿಗೆಗಳಲ್ಲಿ ಸುಮಾರು 3.7 ಲಕ್ಷ ಸ್ಟಾಕ್ ದಾಖಲೆಗಳನ್ನು ನಿಕೋಲ್ ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ ಪರಿಶೀಲಿಸಿದ್ದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶೇ. 65ರಷ್ಟು ದಾಖಲೆಗಳು ನಿಜವಾದ ಎಣಿಕೆಗೆ ಹೊಂದುತ್ತಿರಲಿಲ್ಲ. ಕೆಲವು ಕಡೆ ಲೆಕ್ಕ ಹೆಚ್ಚು, ಕೆಲವು ಕಡೆ ಕಡಿಮೆ.

ಎಲ್ಲವನ್ನೂ ದಿನಾ ಎಣಿಸಲಾಗದು. ಎಲ್ಲಿ ಎಣಿಸಬೇಕೆಂದು ತೋರಿಸುವುದು ಮಾರಾಟದ ಮೌನ. ಗಂಧದ ಊದುಬತ್ತಿ ದಿನಕ್ಕೆ ಸರಾಸರಿ ಎರಡು ಹೋಗುತ್ತಿತ್ತು ಎನ್ನಿ. ರ್‍ಯಾಕಿನಲ್ಲಿ ಸರಕಿದ್ದೂ ಒಂದು ದಿನ ಯಾರೂ ಕೊಳ್ಳದಿರಬಹುದು. ಸತತ ಮೂರು ದಿನ ಹಾಗಾಗುವ ಸಾಧ್ಯತೆ ಸುಮಾರು ನಾನೂರರಲ್ಲಿ ಒಂದು. ವಾರಕ್ಕೊಂದು ಹೋಗುವ ಶೂ ಪಾಲಿಶ್ ಮೂರು ವಾರ ಮಾರಾಟವಾಗದಿರುವ ಸಾಧ್ಯತೆ ಮಾತ್ರ ಇಪ್ಪತ್ತರಲ್ಲಿ ಒಂದು, ಅಂದರೆ ಆ ಮೌನ ಸಹಜವೂ ಇರಬಹುದು. ಆದ್ದರಿಂದ ಸ್ಟಾಕ್ ಇದೆ ಎಂದು ತೋರಿಸುವ ಪ್ರತಿ ಸರಕಿಗೂ, ಕೊನೆಯ ಮಾರಾಟದಿಂದ ಕಳೆದ ದಿನಗಳನ್ನು ದಿನದ ಸರಾಸರಿ ಮಾರಾಟದಿಂದ ಗುಣಿಸಿ. ಆರು ದಿನ ಸುಮ್ಮನಿದ್ದ ಊದುಬತ್ತಿಗೆ ಹನ್ನೆರಡು ಬರುತ್ತದೆ, ಪಾಲಿಶಿಗೆ ಒಂದೂ ಬರುವುದಿಲ್ಲ. ದೊಡ್ಡ ಅಂಕಿಯ ಮೊದಲ ಹತ್ತು ಸರಕುಗಳನ್ನು ಬೆಳಿಗ್ಗೆ ಹೋಗಿ ಎಣಿಸಿದರೆ ಸಾಕು. ಹಬ್ಬಕ್ಕೆ ಮಾತ್ರ ಹೋಗುವ, ಇಲ್ಲವೇ ಒಬ್ಬರೇ ಡಜನ್‌ಗಟ್ಟಲೆ ಒಯ್ಯುವ ಸರಕಿಗೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಸುಳಿವು ಮೈನಸ್ ಅಂಕಿ. ರ್‍ಯಾಕಿನಲ್ಲಿ ಮಲ್ಲಿಗೆ ತುಂಬಿದ್ದರೂ ಪರದೆಯಲ್ಲಿ ಮೈನಸ್ ಮೂರು ಕಂಡರೆ, ಅದೇ ಬೆಲೆಯ ಒಡಹುಟ್ಟನ್ನು ಎಣಿಸಿ ನೋಡಿ. ಖಾಲಿ ಜಾಗ ಕಾಣಬಾರದೆಂದು ಹುಡುಗರು ಪಕ್ಕದ ಸರಕನ್ನು ಸರಿಸಿ ತುಂಬುವ ಅಭ್ಯಾಸವನ್ನೂ ಬಿಡಿಸಬೇಕು. ಖಾಲಿ ಜಾಗವೇ ಅಲ್ಲಿ ಸಾಕ್ಷಿ.

ಸಿಕ್ಕಮೇಲೆ ಮಾಲೀಕರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಫೋನ್ ಮಾಡಿ ಒಂದು ಡಜನ್ ತರಿಸಿ ಸುಮ್ಮನಾಗುವುದು. ಆಗ ಲೆಕ್ಕ ಇಪ್ಪತ್ತು, ಸರಕು ಹನ್ನೆರಡು. ಹನ್ನೆರಡೂ ಮಾರಿದ ದಿನ ಪರದೆಯಲ್ಲಿ ಮತ್ತೆ ಅದೇ ಎಂಟು! ಮೊದಲು ರ್‍ಯಾಕ್, ಗೋಡೌನ್, ವಾಪಸ್ ಬಂದ ಸರಕಿನ ಬುಟ್ಟಿ, ಮೂರೂ ನೋಡಿ ಲೆಕ್ಕವನ್ನು ಸೊನ್ನೆಗೆ ಇಳಿಸಬೇಕು. ಕಾರಣ ಬರೆಯಬೇಕು. ಮಲ್ಲಿಗೆಯ ಲೆಕ್ಕವನ್ನೂ ಎಣಿಸಿ ಸರಿಪಡಿಸಬೇಕು. ಸೊನ್ನೆ ಕಂಡ ಕೂಡಲೇ ಕಂಪ್ಯೂಟರ್ ತಾನಾಗಿಯೇ ಆರ್ಡರ್ ಹಾಕುತ್ತದೆ.

ಕೌಂಟರಿನ ಬಳಿ ಒಂದು ನೋಟ್‌ಬುಕ್ ಕೂಡ ಇರಲಿ. ಕಂಪ್ಯೂಟರ್ ಬರೆದಿಡುವುದು ಆದ ಮಾರಾಟವನ್ನು ಮಾತ್ರ. "ಗಂಧದ್ದು ಇಲ್ವಾ?" ಎಂದು ಕೇಳಿ ಬರಿಗೈಯಲ್ಲಿ ಹೋದವರ ಲೆಕ್ಕವನ್ನು ಆ ಹುಡುಗನೇ ಬರೆಯಬೇಕು.