ಎಂಟುನೂರಾ ಮೂವತ್ತೈದು ರೂಪಾಯಿಯ ಜಗಳ

ದರೋಜಿಯ ನಮ್ಮ ಚಿಕ್ಕವ್ವನ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಎರಡೇ ಫೋಟೊ. ಪೋಸ್ಟಾಫೀಸಿನ ಆರ್‌ಡಿ ಪಾಸ್‌ಬುಕ್ಕು, ಕೈಬರಹದ್ದು. ಮೊದಲನೆಯದರಲ್ಲಿ ಖಾತೆಯ ವಿವರದ ಪುಟ, ಎರಡನೆಯದರಲ್ಲಿ ಪುಟ ಬಿಡಿಸಿ ಹಿಡಿದ ಆಕೆಯ ಹೆಬ್ಬೆರಳೂ ಸೇರಿದಂತೆ ಲೆಕ್ಕದ ಪುಟಗಳು. ಹಿಂದೆಯೇ ಧ್ವನಿ: "ನೋಡಪ, ಅರವತ್ತು ಕಂತು ತುಂಬ್ಯಾವೋ ಇಲ್ಲೋ. ಅಳಿಯ ಮೂವತ್ತೈದು ಸಾವಿರದ ಮ್ಯಾಲೆ ಬರಬೇಕಂತಾನ, ಆಫೀಸಿನಾಗ ಕಡಿಮಿ ಹೇಳ್ತಾರ. ಎಂಟುನೂರು ಯಾರು ತಿಂದ್ರು?"

ಓದು ಬರಹ ಬಾರದೆ ಹತ್ತಾರು ಕಾವ್ಯಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದ ಬುರ್ರಕಥಾ ಈರಮ್ಮನ ಊರು ದರೋಜಿ. ನಮ್ಮ ಚಿಕ್ಕವ್ವನದೂ ಬಾಯಿಲೆಕ್ಕವೇ. ತಾನು ಕಟ್ಟಿದ್ದು ಒಟ್ಟು 29,955 ಅನ್ನುತ್ತಿದ್ದಳು. ತಿಂಗಳಿಗೆ ಐನೂರರಂತೆ ಕಟ್ಟುವವರಿಗೆ ಈ ಮೊತ್ತ ಹೇಗೆ ಬರುತ್ತದೆಂದು ನಾನು ನಕ್ಕಿದ್ದೆ. ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಮೊದಲ ತಪ್ಪು ನನ್ನದೇ. ಸಾಲುಗಳನ್ನು ಎಣಿಸಿದೆ, ಐವತ್ತಮೂರು ಬಂತು. ಏಳು ಕಂತು ಕಾಣೆಯೆಂದು ಗಾಬರಿಬಿದ್ದೆ. ಆರ್‌ಡಿ ಪುಸ್ತಕದಲ್ಲಿ ಸಾಲು ಎಣಿಸಬಾರದು, ಬಾಕಿಯ ಅಂಕಣವನ್ನು ಓದಬೇಕು. ಈ ಪುಸ್ತಕದಲ್ಲಿ ಬಾಕಿ ಅಂದರೆ ಕಟ್ಟಿದ ಅಸಲು ಮಾತ್ರ, ಬಡ್ಡಿ ಅದರಲ್ಲಿ ಸೇರಿಲ್ಲ. ಕೊನೆಯ ಬಾಕಿ 30,000. ಅದನ್ನು ಐನೂರರಿಂದ ಭಾಗಿಸಿದರೆ ಅರವತ್ತು. ಹಾಗಾದರೆ ಆ ಏಳು ಎಲ್ಲಿ ಅಡಗಿದ್ದವು?

ಬಾಕಿಯ ಅಂಕಣದ ಮೇಲೆ ಬೆರಳಿಟ್ಟು ಇಳಿಯುತ್ತ ಹೋದೆ. ಖಾತೆ ತೆರೆದದ್ದು 12-08-2020. ಪ್ರತಿ ಸಾಲಿಗೂ ಐನೂರು ಏರುತ್ತ 2021ರ ಡಿಸೆಂಬರಿಗೆ 8,500. ಜನವರಿಯ ಸಾಲಿನಲ್ಲಿ ಒಂದೇ ಜಿಗಿತಕ್ಕೆ 11,500. ಭತ್ತದ ದುಡ್ಡು ಕೈಗೆ ಬಂದಾಗ ಚಿಕ್ಕವ್ವ ಆರು ತಿಂಗಳಿನದನ್ನು ಒಟ್ಟಿಗೆ ಕಟ್ಟಿದ್ದಳು. ಆರು ಕಂತು ಮುಂಗಡ ಕಟ್ಟಿದವರಿಗೆ ನೂರಕ್ಕೆ ಹತ್ತರಂತೆ ರಿಯಾಯಿತಿಯಿದೆ, ಐನೂರರ ಖಾತೆಗೆ ಐವತ್ತು ರೂಪಾಯಿ. ಹಾಗಾಗಿ ಆಕೆ ಕೊಟ್ಟದ್ದು 2,950, ಪುಸ್ತಕದಲ್ಲಿ ಏರಿದ್ದು 3,000. ಒಂದು ಸಾಲಿನಲ್ಲಿ ಆರು ಕಂತು, ಅಂದರೆ ಐದು ಸಾಲು ಕಡಿಮೆ.

2022ರ ಸೆಪ್ಟೆಂಬರಿನ ಸಾಲೇ ಇಲ್ಲ. ಅಕ್ಟೋಬರಿನದರಲ್ಲಿ ಬಾಕಿ 12,500ರಿಂದ 13,500ಕ್ಕೆ ಏರಿದೆ, ಪಕ್ಕದಲ್ಲಿ ಸಣ್ಣದಾಗಿ 5 ಎಂದಿದೆ. ತಿಂಗಳ 15ರೊಳಗೆ ತೆರೆದ ಖಾತೆಗೆ ಮುಂದಿನ ಕಂತುಗಳೂ ಆಯಾ ತಿಂಗಳ 15ರೊಳಗೆ ಬೀಳಬೇಕು. 16ರಿಂದ ಮುಂದೆ ತೆರೆದಿದ್ದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಅವಕಾಶ. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಅದು ಬಾಕಿಗೆ ಸೇರುವುದಿಲ್ಲ. ಇಲ್ಲಿ ಮತ್ತೊಂದು ಸಾಲು ಉಳಿಯಿತು. ತಪ್ಪಿದ ಕಂತನ್ನು ತುಂಬಿದ್ದರಿಂದ ಮುಗಿಯುವ ದಿನ ಜರುಗಲಿಲ್ಲ.

ಏಳನೆಯದು ಹೆಬ್ಬೆರಳಿನಡಿ ಇತ್ತು. ಒಂದು ಸಾಲಿನಲ್ಲಿ 19,500, ಮುಂದೆ ಕಾಣುವ ಸಾಲಿನಲ್ಲಿ 20,500, ಆದರೆ ಆ ಸಾಲಿನ ಠೇವಣಿ ಐನೂರೇ. ನಡುವೆ 2023ರ ನವೆಂಬರಿನ 20,000 ಇರಲೇಬೇಕು. ಕೈ ಸರಿಸಿ ಮತ್ತೊಂದು ಫೋಟೊ ತರಿಸಿಕೊಂಡೆ, ಇತ್ತು. ಫೋಟೊದಲ್ಲಿ ಒಂದು ಏಳಕ್ಕೂ ಒಂದಕ್ಕೂ ವ್ಯತ್ಯಾಸ ತಿಳಿಯದಿದ್ದರೂ ಮೇಲಿನ ಬಾಕಿಗೆ ಕಂತು ಕೂಡಿಸಿ ನೋಡಿದರೆ ಸಾಕು, ಯಾವ ಅಂಕಿಯೆಂದು ಗೊತ್ತಾಗುತ್ತದೆ. ಮೂವತ್ತು ಸಾವಿರದಿಂದ ರಿಯಾಯಿತಿಯ ಐವತ್ತು ಕಳೆದು ದಂಡದ ಐದು ಕೂಡಿಸಿದೆ. 29,955!

ಇನ್ನು ಎಂಟುನೂರರ ಜಗಳ. ಹೊಸಪೇಟೆಯ ಅಳಿಯ ಫೋನಿನಲ್ಲಿ ಲೆಕ್ಕ ಹಾಕಿದ್ದು ಶೇ 6.7ರಲ್ಲಿ. ಆ ದರದಲ್ಲಿ ಐನೂರಕ್ಕೆ ಐದು ವರ್ಷಕ್ಕೆ 35,683 ಬರುತ್ತದೆ. ಆಫೀಸಿನವರು ಹೇಳಿದ್ದು 34,848. ವ್ಯತ್ಯಾಸ 835.

ಇಬ್ಬರ ಗುಣಾಕಾರವೂ ಸರಿ. ತಪ್ಪು ಇದ್ದದ್ದು ದಿನಾಂಕದಲ್ಲಿ. ಆರ್‌ಡಿಗೆ ಖಾತೆ ತೆರೆದ ದಿನದ ದರವೇ ಐದು ವರ್ಷವೂ ಅಂಟಿಕೊಂಡಿರುತ್ತದೆ. 2020ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ತೆರೆದ ಖಾತೆಗಳದು ಶೇ 5.8. ಆಮೇಲೆ ಅದು 6.2, 6.5 ಆಗಿ, 2023ರ ಅಕ್ಟೋಬರಿನಲ್ಲಿ 6.7ಕ್ಕೆ ಬಂತು. ಗೋಡೆಯ ಮೇಲಿನ ಪಟ್ಟಿ ಹೇಳುವುದು ಇವತ್ತು ತೆರೆಯುವವರ ಮಾತು.

ಕ್ಯಾಲ್ಕುಲೇಟರಿನ ಉತ್ತರವನ್ನು ನಂಬದವರು ಕೈಲೆಕ್ಕವನ್ನೂ ಮಾಡಬಹುದು. ಮೊದಲ ಕಂತು ಅರವತ್ತು ತಿಂಗಳು ದುಡಿಯುತ್ತದೆ, ಎರಡನೆಯದು ಐವತ್ತೊಂಬತ್ತು, ಕೊನೆಯದು ಒಂದು. ಎಲ್ಲ ಕೂಡಿದರೆ 1,830 ತಿಂಗಳು. ಐನೂರಕ್ಕೆ ಅಷ್ಟು ತಿಂಗಳಿನ ಸರಳ ಬಡ್ಡಿ ಶೇ 5.8ರಲ್ಲಿ 4,422 ರೂಪಾಯಿ ಚಿಲ್ಲರೆ. ಮೂರು ತಿಂಗಳಿಗೊಮ್ಮೆ ಬಡ್ಡಿಗೆ ಬಡ್ಡಿ ಸೇರಿ ಇನ್ನೂ ನಾನೂರು ಚಿಲ್ಲರೆ ಏರಿ 4,848 ಆಗುತ್ತದೆ. ಆಫೀಸಿನವರು 4,422ಕ್ಕಿಂತ ಕಡಿಮೆ ಹೇಳಿದ್ದರೆ ಜಗಳಕ್ಕೆ ಅರ್ಥವಿತ್ತು.

ಈ ಗೊಂದಲ ಹಿಂದೆ ಇರಲಿಲ್ಲ ಎನ್ನುವುದೇ ನನ್ನ ಸಿಟ್ಟು. 1959ರ ಸಂಚಿತ ಅವಧಿ ಠೇವಣಿ, ಆಮೇಲೆ 1981ರ ಆರ್‌ಡಿ ನಿಯಮ ಇವೆಲ್ಲ ಸರ್ಕಾರಿ ಕಡತದ ಸಂಗತಿ, ಬಿಡಿ. 2003ರ ಮಾರ್ಚ್‌ನಿಂದ 2011ರ ನವೆಂಬರ್‌ವರೆಗೆ ದರ ಶೇ 7.5ರಲ್ಲೇ ನಿಂತಿತ್ತು. ತಿಂಗಳಿಗೆ ಹತ್ತು ರೂಪಾಯಿ ಕಟ್ಟಿದರೆ 728 ರೂಪಾಯಿ 90 ಪೈಸೆ. ಇದೊಂದು ಅಂಕಿ ಬಾಯಿಗೆ ಬಂದರೆ ಸಾಕು, ಐವತ್ತರ ಖಾತೆಗೆ ಐದರಿಂದ, ನೂರರದಕ್ಕೆ ಹತ್ತರಿಂದ ಯಾರು ಬೇಕಾದರೂ ಗುಣಿಸಿಕೊಳ್ಳಬಹುದಿತ್ತು. 2016ರ ಏಪ್ರಿಲ್‌ನಿಂದ ಮೂರು ತಿಂಗಳಿಗೊಮ್ಮೆ ದರ ಪ್ರಕಟವಾಗುತ್ತಿದೆ. ಒಂದೇ ಓಣಿಯ ಮೂರು ಮನೆಗೆ ಮೂರು ಲೆಕ್ಕ.

ಅಳಿಯನ ಇನ್ನೊಂದು ಅನುಮಾನ ಏಜೆಂಟಮ್ಮನ ಕಾರ್ಡಿನದು. ಮನೆಮನೆಗೆ ಬಂದು ಆರ್‌ಡಿ ವಸೂಲಿ ಮಾಡುವ ಮಹಿಳಾ ಏಜೆಂಟರ ಯೋಜನೆ 1972ರಿಂದ ಇದೆ. ದುಡ್ಡು ಪಡೆದಾಗ ಅವರು ತಮ್ಮ ಕಾರ್ಡಿನಲ್ಲಿ ಸಹಿ ಹಾಕಿಕೊಡುತ್ತಾರೆ. ಆ ಸಹಿ ಹೇಳುವುದು ದುಡ್ಡು ಏಜೆಂಟರ ಕೈ ಸೇರಿತೆಂದಷ್ಟೇ. ಖಾತೆಗೆ ಸೇರಿತು ಅನ್ನಲು ಪಾಸ್‌ಬುಕ್ಕಿನಲ್ಲಿ ಅದೇ ತಿಂಗಳ ನಮೂದು, ಅದರ ಮೇಲೆ ಅಂಚೆ ಕಚೇರಿಯ ದುಂಡನೆಯ ತಾರೀಖಿನ ಮುದ್ರೆ, ಸಹಿ ಬೇಕು. ಚಿಕ್ಕವ್ವನ ಪುಸ್ತಕದಲ್ಲಿ ಮುದ್ರೆಗಳೆಲ್ಲ ಇದ್ದವು, ನಾಲ್ಕೈದು ಮಸುಕಾಗಿದ್ದವು. ಮಸುಕಾದದ್ದು ನಿಜವೋ ಅಲ್ಲವೋ ಎಂದು ಫೋಟೊ ಹೇಳಲಾರದು. ಕಚೇರಿಯ ಕಂಪ್ಯೂಟರಿನಲ್ಲಿರುವ ಬಾಕಿಗೆ ತಾಳೆ ನೋಡಲೇಬೇಕು. ಪುಸ್ತಕ ಕೊಟ್ಟು ಕೇಳಿಸಿದೆವು. ಅಲ್ಲೂ ಮೂವತ್ತು ಸಾವಿರವೇ ಇತ್ತು.

ಇಷ್ಟಾದ ಮೇಲೆ ಚಿಕ್ಕವ್ವ ಹೊಸ ರಾಗ ತೆಗೆದಳು. ಜುಲೈ ಕಂತು ಕಟ್ಟಿಯಾಯಿತಲ್ಲ, ಮನೆಯ ಕಾರ್ಯವಿದೆ, ಈಗಲೇ ಬಿಡಿಸಿಕೊಳ್ಳುತ್ತೇನೆ ಅಂತ. ಅರವತ್ತನೇ ಕಂತು ಬಿದ್ದ ದಿನವೇ ಅವಧಿ ಮುಗಿಯುವುದಿಲ್ಲ. ಐದು ವರ್ಷ ತುಂಬುವುದು 12-08-2025ಕ್ಕೆ. ಒಂದು ದಿನ ಮೊದಲು ಮುಚ್ಚಿದರೂ ಉಳಿತಾಯ ಖಾತೆಯ ಶೇ 4 ಬಡ್ಡಿಯೇ ಗತಿ. 4,848ರ ಜಾಗದಲ್ಲಿ ಸುಮಾರು ಮೂರು ಸಾವಿರ. "ಹಂಗಾದ್ರ ಕಾಯ್ತೀನಿ ಬಿಡಪ" ಅಂದಳು.

ಕಾದಳು. ಇಪ್ಪತ್ತು ಸಾವಿರ ದಾಟಿದ ಮೊತ್ತವನ್ನು ಕೈಯಲ್ಲಿ ಕೊಡುವುದಿಲ್ಲವಾದ್ದರಿಂದ 34,848 ಆಕೆಯ ಉಳಿತಾಯ ಖಾತೆಗೆ ಬಿತ್ತು. ಮುಚ್ಚಿದ ಖಾತೆಯ ಪಾಸ್‌ಬುಕ್ಕನ್ನು ಕಚೇರಿಗೆ ಒಪ್ಪಿಸಬೇಕು, ಒಪ್ಪಿಸಿದಳು. ಈಗ ಆ ಪುಸ್ತಕ ಉಳಿದಿರುವುದು ನನ್ನ ಫೋನಿನಲ್ಲಿ, ಹೆಬ್ಬೆರಳಿನ ಸಮೇತ. ಅದೇ ದಿನ ಐನೂರರ ಹೊಸ ಆರ್‌ಡಿಯನ್ನೂ ತೆರೆದಿದ್ದಾಳೆ, ಶೇ 6.7ರಲ್ಲಿ. ಅಳಿಯನ 35,683 ಬರುವುದು 2030ರ ಆಗಸ್ಟಿಗೆ.