ಮೊದಲ ಸಾಲಿನ ಕೆಲಸ

ಫೋನಿನಲ್ಲಿ ಇಮೇಲ್ ಪಟ್ಟಿ ತೆರೆದಾಗ ಪ್ರತಿ ಪತ್ರದ್ದೂ ಮೂರು ಸಂಗತಿ ಕಣ್ಣಿಗೆ ಬೀಳುತ್ತವೆ. ಕಳುಹಿಸಿದವರ ಹೆಸರು, ವಿಷಯದ ಸಾಲು, ಅದರ ಕೆಳಗೆ ಮಸುಕಾದ ಅಕ್ಷರದಲ್ಲಿ ಪತ್ರದೊಳಗಿನ ಮೊದಲ ಕೆಲವು ಪದಗಳು. ಈ ಮೂರನ್ನು ನೋಡಿಯೇ ಓದುಗರು ಪತ್ರವನ್ನು ಈಗ ತೆರೆಯಬೇಕೋ, ಸಂಜೆಗೆ ಬಿಡಬೇಕೋ ಎಂದು ತೀರ್ಮಾನಿಸುತ್ತಾರೆ. ಸಂಜೆಗೆ ಬಿಟ್ಟ ಪತ್ರ ಮರುದಿನದ ಪತ್ರಗಳ ಕೆಳಗೆ ಹೂತುಹೋಗುತ್ತದೆ.

ಆ ಮಸುಕಾದ ಜಾಗದಲ್ಲಿ ನಮ್ಮಲ್ಲಿ ಹೆಚ್ಚಿನವರು ಏನನ್ನು ಇಡುತ್ತೇವೆ? ‘ಡಿಯರ್ ಸರ್, ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್.’ ಇಂಗ್ಲಿಷಿನಲ್ಲಿ ಸಂಬೋಧನೆಯನ್ನು ಬಿಟ್ಟರೂ ಈ ವಾಕ್ಯ 32 ಅಕ್ಷರದಷ್ಟು ಜಾಗ ತಿನ್ನುತ್ತದೆ. ಫೋನಿನ ಪರದೆಯಲ್ಲಿ ಮುನ್ನೋಟಕ್ಕೆ ಸಿಗುವುದು ಒಂದೆರಡು ಗೆರೆ ಮಾತ್ರ. ಅದರ ದೊಡ್ಡ ಪಾಲು ಹೀಗೆ ಖರ್ಚಾದ ಮೇಲೆ ಪತ್ರ ಯಾಕೆ ಬಂತೆಂದು ತಿಳಿಯುವ ದಾರಿ ಓದುಗರಿಗೆ ಉಳಿಯುವುದಿಲ್ಲ. ಅಪರಿಚಿತರಿಂದ ಬಂದ ಪತ್ರವಾದರೆ, ನೂರಾರು ಜನರಿಗೆ ಒಟ್ಟಿಗೆ ಹೋದ ಮಾರಾಟದ ಪತ್ರವಿರಬೇಕು ಎಂಬ ಅನುಮಾನವೂ ಬರುತ್ತದೆ. ಅಂಥ ಪತ್ರಗಳು ಶುರುವಾಗುವುದೂ ಹೀಗೆಯೇ ತಾನೆ!

ಕುಶಲ ಕೇಳುವ ಪದ್ಧತಿಯನ್ನು ಹಗುರವಾಗಿ ಕಾಣಬೇಕಿಲ್ಲ, ಅದಕ್ಕೆ ದೊಡ್ಡ ಇತಿಹಾಸವಿದೆ. ‘ನೀನು ಕ್ಷೇಮವಾಗಿದ್ದರೆ ಒಳ್ಳೆಯದು, ನಾನು ಕ್ಷೇಮ’ ಎಂಬರ್ಥದ ಮಾತನ್ನು ಪ್ರಾಚೀನ ರೋಮನರು ಪತ್ರದ ತಲೆಯಲ್ಲಿ ಎಷ್ಟು ಬಾರಿ ಬರೆಯುತ್ತಿದ್ದರೆಂದರೆ, ಕೊನೆಗೆ ಪ್ರತಿ ಪದದ ಮೊದಲಕ್ಷರವನ್ನಷ್ಟೇ ಬರೆದರೂ ಸಾಕಾಗುತ್ತಿತ್ತು. ನಮ್ಮ ಇನ್‌ಲ್ಯಾಂಡ್ ಪತ್ರಗಳೂ ‘ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರ ತಿಳಿಸಿ’ ಎಂದೇ ಶುರುವಾಗುತ್ತಿದ್ದವು. ಮಗಳ ಊರಿನಿಂದ ಪತ್ರ ಬರುವುದಕ್ಕೆ ದಿನಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಕ್ಷೇಮವೇ ಮುಖ್ಯ ಸುದ್ದಿ, ಮನೆಯವರು ಮೊದಲು ಹುಡುಕುತ್ತಿದ್ದುದೂ ಅದನ್ನೇ. ಮುಖವನ್ನೇ ನೋಡದ ಅಧಿಕಾರಿಗೋ ವ್ಯಾಪಾರಿಗೋ ಬರೆಯುವ ಪತ್ರದಲ್ಲಿ ಅದೇ ಮಾತು ಸುದ್ದಿಯಾಗುವುದಿಲ್ಲ.

ಹಾಗಾದರೆ ಆ ಜಾಗದಲ್ಲಿ ಏನಿರಬೇಕು? ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಸಕಲೇಶಪುರದ ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರರು ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವ ಒಂದು ಅಂಗಡಿಗೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಅವರ ಮೊದಲ ಕರಡು ಹೀಗಿದೆ:

‘ಮಾನ್ಯರೇ, ನೀವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ನಾನು ಮೂರನೆಯ ತಲೆಮಾರಿನ ಕಾಫಿ ಬೆಳೆಗಾರ. ನಮ್ಮ ತೋಟದಲ್ಲಿ ಗುಣಮಟ್ಟಕ್ಕೆ ಮೊದಲ ಆದ್ಯತೆ. ನಿಮ್ಮ ಸಂಸ್ಥೆಯ ಬಗ್ಗೆ ಬಹಳ ಕೇಳಿದ್ದೇನೆ. ಈ ವರ್ಷ ಎಸ್.795 ಅರೇಬಿಕಾವನ್ನು ಹನಿ ವಿಧಾನದಲ್ಲಿ ಸಂಸ್ಕರಿಸಿದ್ದು, ಸುಮಾರು 200 ಕಿಲೋ ಇದೆ. ಆಸಕ್ತಿಯಿದ್ದರೆ ತಿಳಿಸಿ.’

ಇದರಲ್ಲಿ ಸುಳ್ಳಿಲ್ಲ, ಅವಿನಯವೂ ಇಲ್ಲ. ಆದರೆ ಕೊಳ್ಳುವವರಿಗೆ ಬೇಕಾದ ಮಾತು ಐದನೆಯ ವಾಕ್ಯದಲ್ಲಿದೆ. ಮೊದಲ ನಾಲ್ಕನ್ನು ಯಾವ ಬೆಳೆಗಾರರು ಬೇಕಾದರೂ ಯಾವ ಅಂಗಡಿಗೆ ಬೇಕಾದರೂ ಬರೆಯಬಹುದು. ಕರಡುಗಳಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆ ಇದು. ಬರೆಯಬೇಕಾದ ಸಾಲು ಎಲ್ಲೋ ಮಧ್ಯದಲ್ಲಿ ಇದ್ದೇ ಇರುತ್ತದೆ, ಅದನ್ನು ಮೇಲಕ್ಕೆ ತಂದಿರುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಹೊಸ ವಾಕ್ಯ ಕಟ್ಟುವುದಲ್ಲ. ಕರಡು ಮುಗಿಸಿ, ಯಾರಿಗೂ ಕಳುಹಿಸಬಹುದಾದ ವಾಕ್ಯಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಬನ್ನಿ. ಹೊಡೆಯಲಾಗದೆ ಉಳಿದ ಮೊದಲ ವಾಕ್ಯದಿಂದ ಪತ್ರ ಶುರುವಾಗಬೇಕು.

ಎರಡನೆಯ ಹೆಜ್ಜೆ, ಆ ವಾಕ್ಯವನ್ನು ಓದುಗರ ಕಡೆಯಿಂದ ನೋಡುವುದು. ಬೆಳೆಗಾರರು ಅಂಗಡಿಯ ಮಾರಾಟಪಟ್ಟಿಯನ್ನು ತೆರೆದು ನೋಡುತ್ತಾರೆ. ಅಲ್ಲಿ ನೀರಿನಲ್ಲಿ ತೊಳೆದು ಒಣಗಿಸಿದ ಕಾಫಿ ಇದೆ, ಹಣ್ಣಿನ ಸಮೇತ ಒಣಗಿಸಿದ ಕಾಫಿಯೂ ಇದೆ. ಸಿಪ್ಪೆ ತೆಗೆದು, ಬೀಜದ ಮೇಲಿನ ಅಂಟನ್ನು ಉಳಿಸಿಕೊಂಡು ಒಣಗಿಸುವ ಹನಿ ವಿಧಾನದ್ದು ಮಾತ್ರ ಇಲ್ಲ. ಪತ್ರಕ್ಕೆ ಕಾರಣ ಸಿಕ್ಕಿತು. ಈಗ ಮೊದಲ ಸಾಲು:

‘ನಮಸ್ಕಾರ. ನಿಮ್ಮ ಪಟ್ಟಿಯಲ್ಲಿ ಹನಿ ಕಾಫಿ ಕಾಣಲಿಲ್ಲ. ನಮ್ಮಲ್ಲಿ ಈ ಸುಗ್ಗಿಯ 200 ಕಿಲೋ ಎಸ್.795 ಇದೆ, 250 ಗ್ರಾಂ ಮಾದರಿ ಕಳುಹಿಸಲೇ?’

ನಿಮಗೇ ಯಾಕೆ ಬರೆದೆ, ನನ್ನಲ್ಲಿ ಏನಿದೆ, ನೀವೇನು ಮಾಡಬೇಕು ಎಂಬ ಮೂರು ಪ್ರಶ್ನೆಗೂ ಇಲ್ಲಿ ಉತ್ತರವಿದೆ. ‘ಆಸಕ್ತಿಯಿದ್ದರೆ ತಿಳಿಸಿ’ ಎಂದರೆ ಕೊಳ್ಳುವವರು ಯೋಚಿಸಿ ಉತ್ತರ ಬರೆಯಬೇಕು. ‘ಮಾದರಿ ಕಳುಹಿಸಲೇ?’ ಎಂದರೆ ‘ಕಳುಹಿಸಿ’ ಎಂಬ ಒಂದೇ ಪದ ಸಾಕು. ತೇವಾಂಶ ಎಷ್ಟು, ಕ್ಯೂರಿಂಗ್ ಆಗಿದೆಯೇ, ಬೆಲೆ ಏನು ಎಂಬ ವಿವರಗಳಿಗೆ ಎರಡನೆಯ ಪ್ಯಾರಾ ಇದೆ. ಮೂರು ತಲೆಮಾರಿನ ಮಾತಿಗೂ ಅಲ್ಲಿ ಜಾಗವಿದೆ, ಆ ಹೊತ್ತಿಗೆ ಓದುಗರಿಗೆ ಅದನ್ನು ಕೇಳುವ ಮನಸ್ಸು ಬಂದಿರುತ್ತದೆ. ವಿಷಯದ ಸಾಲಿನಲ್ಲಿ ‘ಎಸ್.795 ಹನಿ ಕಾಫಿ, ಸಕಲೇಶಪುರ’ ಎಂದಿದ್ದರೆ ಸಾಕು. ಮೊದಲ ಸಾಲು ಅದನ್ನೇ ಪುನಃ ಹೇಳದೆ ಮುಂದಕ್ಕೆ ಹೋಗಬೇಕು.

ಇಲ್ಲಿ ‘ನಮಸ್ಕಾರ’ ಉಳಿದಿದೆ ಎಂಬುದನ್ನು ಗಮನಿಸಿ. ಮರ್ಯಾದೆಯನ್ನು ಕತ್ತರಿಸಿ ಅವಸರ ತೋರಿಸಿದರೆ ನಮ್ಮಲ್ಲಿ ಅದು ಒರಟುತನವೇ. ಆದರೆ ಸಂಬೋಧನೆಯೂ ಮುನ್ನೋಟದ ಜಾಗದಲ್ಲೇ ಕೂರುತ್ತದೆ. ಹುದ್ದೆ, ವಿಭಾಗ, ಸಂಸ್ಥೆ ಎಲ್ಲವನ್ನೂ ಅಲ್ಲೇ ಬರೆದರೆ ಅಸಲು ಮಾತಿಗೆ ಜಾಗವಿರುವುದಿಲ್ಲ. ‘ನಮಸ್ಕಾರ ಮೇಡಂ’ ಎಂಬಷ್ಟು ಸಾಕಾಗುತ್ತದೆ.

ಗಮನ ಸೆಳೆಯಲು ಹೊರಟವರು ಎಡವುವ ಜಾಗಗಳೂ ಇವೆ. ಮೊದಲನೆಯದು ಪೊಳ್ಳು ಹೊಗಳಿಕೆ. ‘ನಿಮ್ಮ ಕೆಲಸದಿಂದ ಸ್ಫೂರ್ತಿ ಪಡೆದಿದ್ದೇನೆ’ ಎಂಬುದು ಕ್ಷೇಮದ ಸಾಲಿಗಿಂತ ಮೇಲೇನಲ್ಲ. ಯಾವ ಕೆಲಸ, ಅದರಲ್ಲಿ ಏನು ಕಂಡಿತು ಎಂದು ಹೇಳಲಾಗದಿದ್ದರೆ ಅದನ್ನು ಬಿಡುವುದೇ ಒಳ್ಳೆಯದು. ಎರಡನೆಯದು ತಂತ್ರ. ಹಿಂದೆ ಮಾತುಕತೆ ನಡೆದಿತ್ತೆಂಬ ಭ್ರಮೆ ಹುಟ್ಟಿಸುವುದು, ಇಲ್ಲದ ಗಡುವು ತೋರಿಸಿ ಹೆದರಿಸುವುದು. ಪತ್ರ ತೆರೆಯುತ್ತಾರೆ, ನಿಜ. ತೆರೆದ ಮರುಕ್ಷಣ ಮೋಸ ಗೊತ್ತಾಗಿ ಆ ಹೆಸರನ್ನೇ ದೂರ ಇಡುತ್ತಾರೆ.

ಕ್ಷೇಮದ ಮಾತು ತಕ್ಕದ್ದಾಗಿರುವ ಸಂದರ್ಭಗಳೂ ಇವೆ. ಕೊಡಗಿನಲ್ಲಿ ಭಾರಿ ಮಳೆ, ಗುಡ್ಡ ಕುಸಿತದ ಸುದ್ದಿ ಬಂದ ವಾರ ಅಲ್ಲಿನವರಿಗೆ ಬರೆಯುವಾಗ ‘ನೀವೂ ಮನೆಯವರೂ ಸುರಕ್ಷಿತವಾಗಿದ್ದೀರಾ?’ ಎಂಬುದೇ ಮೊದಲ ಸಾಲಾಗಬೇಕು. ಶಸ್ತ್ರಚಿಕಿತ್ಸೆಯಾಗಿ ಕೆಲಸಕ್ಕೆ ಮರಳಿದ ಸಹೋದ್ಯೋಗಿಗೆ ಬರೆಯುವಾಗಲೂ ಹಾಗೆಯೇ. ಅಲ್ಲಿ ಆ ಪ್ರಶ್ನೆ ಆ ವ್ಯಕ್ತಿಗೆ ಮಾತ್ರ ಸಲ್ಲುತ್ತದೆ, ಕೇಳಿದವರು ಉತ್ತರಕ್ಕೆ ಕಾಯುತ್ತಾರೆ. ಇದೇ ಒಳ್ಳೆಯ ಅಳತೆಗೋಲು: ಈ ಸಾಲನ್ನು ಒಂದಕ್ಷರ ಬದಲಿಸದೆ ಬೇರೆ ಹತ್ತು ಜನರಿಗೆ ಕಳುಹಿಸಬಹುದೇ? ಹೌದಾದರೆ ಅದು ಮೊದಲ ಸಾಲಲ್ಲ. ಅನುಮಾನವಿದ್ದರೆ ಪತ್ರವನ್ನು ಮೊದಲು ನಿಮ್ಮ ವಿಳಾಸಕ್ಕೇ ಕಳುಹಿಸಿಕೊಂಡು, ತೆರೆಯದೆ, ಫೋನಿನ ಪಟ್ಟಿಯಲ್ಲಿ ಎಷ್ಟು ಕಾಣುತ್ತದೆ ನೋಡಿ.

ಕೆಲವೊಮ್ಮೆ ಎಷ್ಟು ತಿಣುಕಿದರೂ ಅಂಥ ಸಾಲು ಸಿಗುವುದಿಲ್ಲ. ಆಗ ಕೊರತೆ ಭಾಷೆಯದ್ದಲ್ಲ. ಆ ಬೆಳೆಗಾರರು ಮಾರಾಟಪಟ್ಟಿ ತೆರೆದಾಗ ಆ ಅಂಗಡಿಯವರು ತಮ್ಮ ಸ್ವಂತ ತೋಟದ ಕಾಫಿಯನ್ನಷ್ಟೇ ಮಾರುತ್ತಾರೆಂದು ಗೊತ್ತಾಗಿದ್ದರೆ, ಅವರಿಗೆ ಬರೆಯಬಹುದಾದ ಒಳ್ಳೆಯ ಮೊದಲ ಸಾಲೇ ಇರುತ್ತಿರಲಿಲ್ಲ. ಆಗ ಮಾಡಬೇಕಾದ್ದು ಆ ಪತ್ರವನ್ನು ಕೈಬಿಟ್ಟು, ಹನಿ ಕಾಫಿ ಬೇಕಾಗಿರುವ ಇನ್ನೊಂದು ಅಂಗಡಿಯನ್ನು ಹುಡುಕುವುದು.