ದನಿ ಯಾರದು, ಚಿತ್ರ ಯಾವತ್ತಿನದು? ಮೊದಲೇ ಹೇಳಿದವನಿಗೆ ನಷ್ಟವಿಲ್ಲ

ಮುಧೋಳ: ಬಸ್ ಸ್ಟ್ಯಾಂಡಿನಲ್ಲಿ ಜಮಖಂಡಿ ಬಸ್ಸಿಗೆ ಕಾದು ಕೂತವರ ಕೈಯಲ್ಲಿ ಈಗ ಪೇಪರಿಗಿಂತ ಫೋನೇ ಹೆಚ್ಚು. ಒಬ್ಬನ ಫೋನಿಗೆ ಬಂದ ವಿಡಿಯೋ ನಾಲ್ಕು ಜನರ ಕಿವಿಗೆ ಬೀಳುತ್ತದೆ. ಮೊನ್ನೆ ಹೀಗೇ ಒಂದು ಸುದ್ದಿಯ ವಿಡಿಯೋ ಮುಗಿದ ಮೇಲೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ತಮ್ಮಾ, ಇದು ಮನಷ್ಯಾ ಮಾತಾಡಿದ್ದೋ, ಮಷೀನ್ ಮಾತಾಡಿದ್ದೋ?"

"ಯಾರಿಗ್ಗೊತ್ರಿ ಕಾಕಾ" ಎಂದ ಹುಡುಗ.

"ಹಂಗಾರ ಸುದ್ದೀನೂ ಅಷ್ಟ ಬಿಡು" ಎಂದು ಹಿರಿಯರು ಟವೆಲ್ಲು ಕೊಡವಿ ಎದ್ದರು.

ಸುದ್ದಿ ಖರೇನೇ ಇದ್ದೀತು. ಆದರೆ ದನಿಯ ಬಗ್ಗೆ ಸಂಶಯ ಬಂತು, ಸಂಶಯ ಸುದ್ದಿಗೂ ಹತ್ತಿತು. ನಮ್ಮ ನಾಲ್ಕೂ ಊರುಗಳಲ್ಲಿ ಈಗ ವಿಡಿಯೋ ಮಾಡುವವರು ಕಡಿಮೆಯಿಲ್ಲ. ಊರಿನ ಸುದ್ದಿ ಹಾಕುವ ಹುಡುಗರಿದ್ದಾರೆ, ಸೀರೆ ಅಂಗಡಿಯವರಿದ್ದಾರೆ, ಬೆಲ್ಲದ ವ್ಯಾಪಾರಿಗಳಿದ್ದಾರೆ. ಬರೆದುಕೊಟ್ಟಿದ್ದನ್ನು ಓದಲು ಕಂಪ್ಯೂಟರ್ ದನಿ ಫೋನಿನಲ್ಲೇ ಸಿಗುತ್ತದೆ. "ಮಷೀನ್ ದನಿ ಅಂತ ನಾವ ಹೇಳಿಬಿಟ್ರ ಯಾರು ನೋಡ್ತಾರ್ರಿ?" ಎಂಬುದು ಇವರೆಲ್ಲರ ಅಂಜಿಕೆ.

ಅಂಜಿಕೆಗೆ ಉತ್ತರ ಕನ್ನಡ ಸಿನಿಮಾದಲ್ಲೇ ಇದೆ.

ಅಣ್ಣನ ದನಿ, ತಮ್ಮನ ಮುಖ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ 'ಜೇಮ್ಸ್' ಚಿತ್ರಕ್ಕೆ ಅವರು ಡಬ್ಬಿಂಗ್ ಮಾಡಿರಲಿಲ್ಲ. ಚಿತ್ರ 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಬಿಡುಗಡೆಯಾಯಿತು. ಪರದೆಯ ಮೇಲೆ ತಮ್ಮನ ಮುಖ, ಕೇಳಿದ್ದು ಅಣ್ಣ ಶಿವರಾಜ್‌ಕುಮಾರ್ ಅವರ ದನಿ. ಇದನ್ನು ಯಾರೂ ಮುಚ್ಚಿಡಲಿಲ್ಲ. ಟಿಕೆಟ್ ತೆಗೆಸುವ ಮುಂಚೆಯೇ ಜನರಿಗೆ ಗೊತ್ತಿತ್ತು. ಆಮೇಲೆ ತಂತ್ರಜ್ಞಾನದ ನೆರವಿನಿಂದ ಪುನೀತ್ ದನಿಯನ್ನೇ ಕೂಡಿಸಿದ ಪ್ರತಿ ಏಪ್ರಿಲ್ 22ರಂದು ಬಂತು. ಅದನ್ನೂ ಮೊದಲೇ ಸಾರಿ ಹೇಳಿದ್ದರು.

ಎರಡು ಸಲವೂ 'ನಮಗೆ ಮೋಸ ಆಯ್ತು' ಎನ್ನಲು ಯಾರಿಗೂ ಕಾರಣವಿರಲಿಲ್ಲ. ಯಾಕೆಂದರೆ ಹೇಳಿದ್ದು ಮೊದಲು, ನೋಡಿದ್ದು ಆಮೇಲೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. 'ಈ ಚಿತ್ರದಲ್ಲಿ ತಂತ್ರಜ್ಞಾನ ಬಳಸಿದೆ' ಎಂದು ತೇಲಿಸಿ ಹೇಳಲಿಲ್ಲ. ದನಿ ಯಾರದು ಎಂಬುದನ್ನೇ ಹೇಳಿದರು. ಇದೇ ಮಾತು ಪಡದೆಯ ಸಿನಿಮಾದಿಂದ ಕೈಯ ಫೋನಿಗೆ ಇಳಿದಾಗ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ನಮ್ಮದೇ ಕಥೆ ಕೇಳಿ.

ನಲವತ್ತು ಸೆಕೆಂಡಿನ ಎಡವಟ್ಟು

ಮುಧೋಳದಿಂದ ಯಾದವಾಡಕ್ಕೆ ಹೋಗುವ ದಾರಿಯಲ್ಲಿ ಘಟಪ್ರಭೆಯ ಮೇಲಿರುವ ಸೇತುವೆ ಹೊಳೆ ಏರಿದಾಗ ಮುಳುಗುತ್ತದೆ. ಮಳೆಗಾಲ ಬಂತೆಂದರೆ ಎಲ್ಲರದೂ ಒಂದೇ ಪ್ರಶ್ನೆ: "ಪೂಲ್ ಚಾಲೂ ಐತೋ, ಬಂದ್ ಐತೋ?" 2024ರ ಮಳೆಗಾಲದಲ್ಲಿ ನಮ್ಮ ಗೆಳೆಯರೊಬ್ಬರು ಈ ಬಗ್ಗೆ 40 ಸೆಕೆಂಡಿನ ವಿಡಿಯೋ ಮಾಡಿದರು. ಒಕ್ಕಣೆ ಬರೆದುಕೊಟ್ಟವನು ನಾನೇ.

ಅವತ್ತು ಬೆಳಿಗ್ಗೆ ತೆಗೆದದ್ದು 15 ಸೆಕೆಂಡು. ಅದರಲ್ಲಿ ನೀರು ಸೇತುವೆಗಿಂತ ಕೆಳಗೇ ಇತ್ತು. ಉಳಿದ ಹೊತ್ತು ತುಂಬಲು 2019ರ ಆಗಸ್ಟಿನ ಮಹಾಪೂರದ ಚಿತ್ರ 25 ಸೆಕೆಂಡು ಸೇರಿಸಿದರು. ದನಿ ಪೂರ್ತಿ ಕಂಪ್ಯೂಟರಿನದು. ಕೊನೆಯ ಎರಡು ಸೆಕೆಂಡಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಈ ವಿಡಿಯೋದಲ್ಲಿ ಎಐ ಬಳಸಲಾಗಿದೆ.' ಹೇಳುವುದನ್ನು ಹೇಳಿದ್ದೇವೆ ಎಂದು ನಮ್ಮ ಸಮಾಧಾನ.

ಸಂಜೆಯೊಳಗೆ ಫೋನುಗಳು ಬಂದವು. ಯಾದವಾಡ ಕಡೆ ಹೊರಟಿದ್ದ ಒಬ್ಬ ಕಿರಾಣಿ ವ್ಯಾಪಾರಿ ಸೇತುವೆ ಮುಳುಗಿದೆ ಎಂದು ತಿಳಿದು ಗಾಡಿಯನ್ನು ಸುತ್ತುದಾರಿಯಲ್ಲಿ ಒಯ್ದಿದ್ದ. "ನೀವ ತೋರಿಸಿದ್ರಲ್ರೀ ನೀರು! ಡೀಸೆಲ್ ದುಡ್ಡು ಯಾರು ಕೊಡ್ತೀರಿ?" ಎಂದು ಬೈದ. ಕೊನೆಯ ಸಾಲು ನೋಡಲಿಲ್ಲವೇ ಎಂದರೆ, "ಎಐ ಅಂದ್ರ ಏನು ಅಂತ ತಿಳಕೊಳ್ಳಿ? ನೀರು ಸುಳ್ಳೋ, ಪೂಲ್ ಸುಳ್ಳೋ, ಮಾತು ಸುಳ್ಳೋ?" ಎಂದ.

ಅವನ ಪ್ರಶ್ನೆಯಲ್ಲೇ ನಮ್ಮ ತಪ್ಪು ಇತ್ತು. ಅವನ ದಾರಿ ತಪ್ಪಿಸಿದ್ದು ಕಂಪ್ಯೂಟರ್ ದನಿಯಲ್ಲ. ಅದು ನಾನು ಬರೆದುಕೊಟ್ಟಿದ್ದನ್ನೇ ಓದಿತ್ತು, ಬರೆದದ್ದು ಸರಿಯಿತ್ತು. ದಾರಿ ತಪ್ಪಿಸಿದ್ದು 2019ರ ನೀರು. ಆ ನೀರು ಸುಳ್ಳಲ್ಲ, ತಾರೀಖು ಮಾತ್ರ ಬೇರೆ. ನಾವು ಒಪ್ಪಿಕೊಂಡದ್ದು ಜನರಿಗೆ ಬೇಕಿಲ್ಲದ್ದನ್ನು, ಬಚ್ಚಿಟ್ಟದ್ದು ಬೇಕಾದದ್ದನ್ನು.

ನಾಲ್ಕು ದಿನದ ಮೇಲೆ ನೀರು ನಿಜವಾಗಿಯೂ ಏರಿದಾಗ ಅದೇ ಗೆಳೆಯರು ಸ್ವತಃ ನಿಂತು ವಿಡಿಯೋ ಮಾಡಿದರು. ಅದಕ್ಕೆ ಬಂದ ಮೊದಲ ಉತ್ತರ, "ಇದು ಯಾವ ವರ್ಷದ್ದು?"

ಹೇಗೆ ಹೇಳಬೇಕಿತ್ತು?

ಪತ್ರಿಕೆಯವರಿಗೆ ಇದು ಹೊಸ ಪಾಠವಲ್ಲ. ಹಳೆಯ ಫೋಟೋ ಹಾಕಿದರೆ ಕೆಳಗೆ 'ಸಂಗ್ರಹ ಚಿತ್ರ' ಎಂದು ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಅದು ಫೋಟೋದ ಕೆಳಗೇ ಇರುತ್ತದೆ, ಕೊನೆಯ ಪುಟದಲ್ಲಿ ಇರುವುದಿಲ್ಲ. ಆ ಪದ್ಧತಿಯಂತೆ ಅದೇ 40 ಸೆಕೆಂಡನ್ನು ಮತ್ತೆ ಕಟ್ಟಿದರೆ ಹೀಗಾಗುತ್ತದೆ.

ಮೊದಲ ಮೂರು ಸೆಕೆಂಡಿನಲ್ಲೇ ದನಿ ತನ್ನ ಪರಿಚಯ ಮಾಡಿಕೊಳ್ಳಲಿ: 'ಇದು ಕಂಪ್ಯೂಟರ್ ದನಿ, ಸುದ್ದಿ ಬರೆದವರು ನಮ್ಮ ವರದಿಗಾರರು.' ಇದರಲ್ಲಿ ನಾಚಿಕೆಯೇನಿಲ್ಲ. 2023ರ ಜುಲೈನಲ್ಲಿ ಪವರ್ ಟಿವಿಯ 'ಸೌಂದರ್ಯ' ಮೊದಲ ಸಲ ಪರದೆಗೆ ಬಂದಾಗ ತಾನು ರೋಬಾಟ್ ನಿರೂಪಕಿ ಎಂದೇ ಹೇಳಿಕೊಂಡಿತ್ತು. ಮಾತಿನಲ್ಲೇ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಸ್ಸಿನಲ್ಲಿ ಕೂತವರು ಎಷ್ಟೋ ಸಲ ಫೋನನ್ನು ಜೇಬಿನಲ್ಲಿಟ್ಟು ಬರೀ ಕೇಳುತ್ತಾರೆ. ಪರದೆಯ ಅಕ್ಷರ ಅವರಿಗೆ ತಲುಪುವುದಿಲ್ಲ.

ಆಮೇಲೆ ಇವತ್ತಿನ ಚಿತ್ರ ಬರಲಿ, ಮೂಲೆಯಲ್ಲಿ ತಾರೀಖು, ಹೊತ್ತು ಇರಲಿ. ಹಳೆಯ ಚಿತ್ರ ಶುರುವಾದ ಕ್ಷಣದಿಂದ ಮುಗಿಯುವತನಕ ದೊಡ್ಡ ಅಕ್ಷರದಲ್ಲಿ '2019ರ ಚಿತ್ರ, ಇವತ್ತಿನದಲ್ಲ' ಎಂದಿರಲಿ. ದನಿಯೂ ಅದನ್ನು ಒಂದು ಸಲ ಹೇಳಲಿ. ಇಷ್ಟಾಗಿದ್ದರೆ ಕಿರಾಣಿ ವ್ಯಾಪಾರಿ ನೇರ ದಾರಿಯಲ್ಲೇ ಹೋಗುತ್ತಿದ್ದ.

ಅಕ್ಷರವನ್ನು ಚಿತ್ರದ ಮೇಲೇ ಕೂಡಿಸಬೇಕು ಎಂಬುದನ್ನು ಮರೆಯಬಾರದು. ಯೂಟ್ಯೂಬಿಗೆ ವಿಡಿಯೋ ಏರಿಸುವಾಗ `Altered content` ಎಂಬ ಪ್ರಶ್ನೆ ಬರುತ್ತದೆ. ಖರೇ ಅನ್ನಿಸುವಂತೆ ತಿದ್ದಿದ, ಕೃತಕವಾಗಿ ಮಾಡಿದ ದೃಶ್ಯವಿದ್ದರೆ ಹೌದು ಎಂದು ಒತ್ತಬೇಕೆಂಬ ನಿಯಮ 2024ರ ಮಾರ್ಚಿನಿಂದ ಇದೆ. ಒತ್ತಬೇಕು, ಸರಿ. ಆದರೆ ಅದರಿಂದ ಬರುವ ಚೀಟಿ ಯೂಟ್ಯೂಬಿನ ಒಳಗೆ ಮಾತ್ರ. ಯಾರಾದರೂ ಆ ವಿಡಿಯೋ ಇಳಿಸಿಕೊಂಡು ವಾಟ್ಸಾಪಿಗೆ ಹಾಕಿದರೆ ಚೀಟಿ ಅಲ್ಲೇ ಉಳಿಯುತ್ತದೆ, ವಿಡಿಯೋ ಬೀಳಗಿ ತನಕ ಹೋಗುತ್ತದೆ. ಚಿತ್ರದ ಮೇಲಿನ ಅಕ್ಷರ ಚಿತ್ರದ ಸಂಗಡ ಹೋಗುತ್ತದೆ. ಅದನ್ನೂ ಕತ್ತರಿಸಿ ಕಳಿಸುವವರಿದ್ದಾರೆ. ಅಕ್ಷರ ತೀರ ಅಂಚಿನಲ್ಲಿದ್ದರೆ ಕತ್ತರಿಸುವುದು ಸುಲಭ. ಅದಕ್ಕೇ ಸ್ವಲ್ಪ ಒಳಗೆ ಹಾಕಬೇಕು.

ಸೀರೆಯ ಬಣ್ಣ

ಈಗ ಅಂಗಡಿಯವರ ಮಾತಿಗೆ ಬರೋಣ. ರಬಕವಿ-ಬನಹಟ್ಟಿಯ ಸೀರೆ ಈಗ ಫೋನಿನಲ್ಲಿ ನೋಡಿ ಕೊಳ್ಳುವ ಮಾಲು. ಒಬ್ಬ ಅಂಗಡಿಯವರು ಒಂದು ನಿಮಿಷದ ವಿಡಿಯೋ ಮಾಡಿದರು ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ದನಿ ಸೀರೆಯ ಗುಣ ಹೇಳುತ್ತದೆ. ಅಂಗಡಿಯ ಗೋಡೆ ಚೆಂದವಿಲ್ಲವೆಂದು ಹಿಂದೆ ಅರಮನೆಯ ಚಿತ್ರ ಕೂಡಿಸಿದ್ದಾರೆ. ಸೀರೆಯ ಬಣ್ಣಕ್ಕೆ ಚೂರು ಹೊಳಪು ಏರಿಸಿದ್ದಾರೆ. ನಡುವೆ ಕೈಮಗ್ಗದ ದೃಶ್ಯ ಹಾಕಿದ್ದಾರೆ, ಸೀರೆ ಮಾತ್ರ ಪವರ್‌ಲೂಮಿನದು.

ನಾಲ್ಕೂ ತಿದ್ದುಪಡಿಗಳೇ. ಆದರೆ ನಾಲ್ಕರ ತೂಕ ಒಂದೇ ಅಲ್ಲ. ಅರಮನೆ ನೋಡಿ ಯಾರೂ ಸೀರೆ ಕೊಳ್ಳುವುದಿಲ್ಲ. ಅದು ಹಿನ್ನೆಲೆ ಪರದೆ, ಫೋಟೋ ಸ್ಟುಡಿಯೋದವರು ಹಿಂದೆ ಇಳಿಬಿಡುತ್ತಿದ್ದಂತೆ. ದನಿ ಕಂಪ್ಯೂಟರಿನದು ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಬಣ್ಣ ಹಾಗಲ್ಲ. ಹೊಳಪು ಏರಿಸಿದ್ದರೆ ಪಾರ್ಸಲ್ ಬಿಚ್ಚಿದ ಹೊತ್ತಿಗೆ ಗೊತ್ತಾಗುತ್ತದೆ, ಸೀರೆ ವಾಪಸ್ ಬರುತ್ತದೆ. ಕೈಮಗ್ಗದ ದೃಶ್ಯವಂತೂ 'ದೃಶ್ಯ ಬೇರೆಯದು' ಎಂದು ಚೀಟಿ ಹಚ್ಚಿ ಉಳಿಸಿಕೊಳ್ಳುವಂಥದ್ದಲ್ಲ. ಮಾಲಿನ ಬಗ್ಗೆಯೇ ಸುಳ್ಳು ಹೇಳುವ ಚಿತ್ರವನ್ನು ತೆಗೆದುಹಾಕಬೇಕು. ಚೀಟಿ ಹಚ್ಚಿದರೆ ಸುಳ್ಳು ಖರೆ ಆಗುವುದಿಲ್ಲ.

ಕಾನೂನೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಐಟಿ ನಿಯಮಗಳ ತಿದ್ದುಪಡಿ, ಖರೆಯಂತೆ ಕಾಣುವ ಕೃತಕ ದನಿ-ದೃಶ್ಯಕ್ಕೆ ಎದ್ದುಕಾಣುವ ಗುರುತು ಬೇಕೆನ್ನುತ್ತದೆ. ಅರ್ಥ ಕೆಡದಂತೆ ಬಣ್ಣ ಸರಿಮಾಡುವುದು, ಗದ್ದಲ ತೆಗೆಯುವುದು ಇಂಥ ದಿನನಿತ್ಯದ ಕೆಲಸಕ್ಕೆ ವಿನಾಯಿತಿ ಇದೆ. ಮದುವೆ ವಿಡಿಯೋದಲ್ಲಿ ಬಣ್ಣ ಏರಿಸಿದರೆ ಅರ್ಥವೇನೂ ಕೆಡುವುದಿಲ್ಲ. ಸೀರೆ ಮಾರುವವನಿಗೆ ಬಣ್ಣವೇ ಮಾಲು, ಬಣ್ಣವೇ ಅರ್ಥ. ಅವನು ವಿನಾಯಿತಿಯ ಸಾಲು ತೋರಿಸಿದರೆ ಗಿರಾಕಿ ಕೇಳುವುದಿಲ್ಲ.

ಹಾಗಾದರೆ ಅಂಗಡಿಯವರು ಏನು ಹೇಳಬೇಕು? 'ದನಿ ಕಂಪ್ಯೂಟರಿನದು, ಹಿಂದಿನ ಅರಮನೆ ಕೂಡಿಸಿದ್ದು. ಸೀರೆ ಪವರ್‌ಲೂಮಿನದು, ಬಣ್ಣ ತಿದ್ದಿಲ್ಲ, ಹಗಲು ಬೆಳಕಿನಲ್ಲಿ ತೆಗೆದದ್ದು.' ಹತ್ತು ಸೆಕೆಂಡಿನ ಮಾತು. ಇದರಲ್ಲಿ ತಿದ್ದಿದ್ದು ಯಾವುದು ಎಂಬುದರ ಜತೆಗೆ ತಿದ್ದದ್ದು ಯಾವುದು ಎಂಬುದೂ ಬಂತು. ಗಿರಾಕಿಗೆ ಬೇಕಾದ ಭರವಸೆ ಈ ಎರಡನೆಯ ಮಾತಿನಲ್ಲಿದೆ. ಬರೀ 'ಎಐ ಬಳಸಲಾಗಿದೆ' ಎಂದರೆ ಒಳ್ಳೆಯ ಸೀರೆಯ ಮೇಲೂ ಸಂಶಯ ಬೀಳುತ್ತದೆ.

ನಮ್ಮ ಗೆಳೆಯರ ವಿಡಿಯೋಗಳಲ್ಲಿ ಈಗಲೂ ಕಂಪ್ಯೂಟರ್ ದನಿಯೇ ಇದೆ. ಅದು ಮೊದಲು ತನ್ನ ಪರಿಚಯ ಹೇಳುತ್ತದೆ, ಹಳೆಯ ಚಿತ್ರ ಬಂದರೆ ವರ್ಷ ಹೇಳುತ್ತದೆ. ಆ ಕಿರಾಣಿ ವ್ಯಾಪಾರಿ ಈಚೆಗೆ ಸಿಕ್ಕಾಗ, "ಈಗ ನಿಮ್ಮ ಮಷೀನ್ ನಿಮಗಿಂತ ಪ್ರಾಮಾಣಿಕ ಆಗೇತಿ ಬಿಡ್ರಿ" ಎಂದು ನಕ್ಕರು. ಡೀಸೆಲ್ ದುಡ್ಡಿನ ಮಾತು ಮಾತ್ರ ಅವರೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ.